ಮೂರು ತಿಂಗಳ ಬ್ರೇಕ್‌ಡೌನ್ ರಿಜಿಸ್ಟರ್ ಒಂದು ಹಾಳೆಗೆ ಇಳಿದದ್ದು

ಏಪ್ರಿಲ್ ಮೊದಲ ವಾರ. ನಮ್ಮ ರೈಸ್ ಮಿಲ್ಲಿನ ಮೆಂಟೆನೆನ್ಸ್ ಸೂಪರ್‌ವೈಸರ್ ಎರಡು ರಿಜಿಸ್ಟರ್ ತಂದು ನನ್ನ ಮೇಜಿನ ಮೇಲೆ ಇಟ್ಟರು. ರಟ್ಟಿಗೆಲ್ಲ ಗ್ರೀಸ್ ಅಂಟಿತ್ತು. ಹಾಳೆ ತಿರುಗಿಸಿದರೆ ತೌಡಿನ ಪುಡಿ ಉದುರುತ್ತಿತ್ತು.

"ಜನವರಿಯಿಂದ ಮಾರ್ಚ್‌ವರೆಗೂ ಏನೇನಾಯ್ತು ಅಂತ ಒಂದೇ ಹಾಳೇಲಿ ಬರ್ಕೊಡಮ್ಮ. ಮಿಷನ್ ಯಾಕೆ ನಿಂತ್ವು, ಯಾವ್ದು ಮತ್ತೆ ಮತ್ತೆ ಕೆಟ್ತು, ಸ್ಪೇರ್ ಎಷ್ಟು ಹೋಯ್ತು. ಮೂರೇ ಪ್ರಶ್ನೆ" ಅಂದರು.

ನಾನು ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ ಮಂಡ್ಯದ ಹತ್ತಿರದ ಈ ಮಿಲ್ಲಿಗೆ ಸೇರಿ ಆಗ ಎಂಟು ತಿಂಗಳಾಗಿತ್ತು. ಮೆಂಟೆನೆನ್ಸ್ ಕಾಗದ ಪತ್ರ ನೋಡಿಕೊಳ್ಳುವುದು ನನ್ನ ಕೆಲಸ. ಸುಗ್ಗಿಯ ಭತ್ತ ಬಂದ ಮೇಲೆ ಜನವರಿಯಿಂದ ಮಾರ್ಚ್‌ವರೆಗೆ ಮಿಲ್ಲಿಗೆ ಉಸಿರಾಡಲೂ ಬಿಡುವಿರುವುದಿಲ್ಲ. ಆ ಮೂರು ತಿಂಗಳಲ್ಲಿ ಸುಮಾರು 1,500 ಗಂಟೆ ಓಡಿಸಿದ್ದೆವು. ರಿಜಿಸ್ಟರ್‌ಗಳಲ್ಲಿ ಒಟ್ಟು 214 ನಮೂದುಗಳಿದ್ದವು. ಎರಡು ದಿನದ ಕೆಲಸ ಅಂದುಕೊಂಡೆ. ಹನ್ನೊಂದು ದಿನ ಹಿಡಿಯಿತು.

ಎರಡು ರಿಜಿಸ್ಟರ್ ಯಾಕೆ ಅಂತ ಮೊದಲು ಹೇಳಬೇಕು. ಒಂದು ಆಪರೇಟರ್‌ಗಳದ್ದು. ಪ್ರತಿ ಪಾಳಿಯಲ್ಲಿ ಎಷ್ಟು ಚೀಲ ಭತ್ತ ಹೋಯಿತು, ಎಲ್ಲಿ ನಿಂತಿತು ಅನ್ನುವುದನ್ನು ಅವರು ಬರೆಯುತ್ತಾರೆ. ಇನ್ನೊಂದು ಫಿಟ್ಟರ್ ಮತ್ತು ಎಲೆಕ್ಟ್ರಿಷಿಯನ್ ಬರೆಯುವ ಬ್ರೇಕ್‌ಡೌನ್ ರಿಜಿಸ್ಟರ್. ಆಪರೇಟರ್‌ಗೆ ಕಾಣುವುದು ಮಿಲ್ಲು. ಫಿಟ್ಟರ್‌ಗೆ ಕಾಣುವುದು ಕೆಟ್ಟ ಭಾಗ. ಎಲೆಕ್ಟ್ರಿಷಿಯನ್‌ಗೆ ಕಾಣುವುದು ಪ್ಯಾನಲ್. ಹಾಗಾಗಿ ಒಂದೇ ಘಟನೆ ಮೂರು ಕಡೆ ಮೂರು ಹೆಸರಿನಲ್ಲಿ ಕೂತಿರುತ್ತದೆ. ಭತ್ತವನ್ನು ಮೇಲಕ್ಕೆ ಎತ್ತುವ ಎಲಿವೇಟರ್‌ನ ಕೆಳಗಿನ ಬೂಟ್‌ನಲ್ಲಿ ಭತ್ತ ತುಂಬಿಕೊಂಡು ಬೆಲ್ಟ್ ಎಳೆಯಲಾರದೆ ನಿಂತರೆ ಆಪರೇಟರ್ "ಎಲಿವೇಟರ್ ಚೋಕ್" ಅಂತ ಬರೆಯುತ್ತಾರೆ, ಎಲೆಕ್ಟ್ರಿಷಿಯನ್ "ಮೋಟಾರ್ ಟ್ರಿಪ್, ರೀಸೆಟ್ ಮಾಡಿದೆ, ಓಕೆ" ಅಂತ ಬರೆಯುತ್ತಾರೆ. ಎರಡನ್ನೂ ಸುಮ್ನೆ ಕೂಡಿದರೆ ನಿಂತ ಹೊತ್ತು ಎರಡರಷ್ಟಾಗುತ್ತದೆ.

ಮೊದಲು ಎಲ್ಲವನ್ನೂ ಎಕ್ಸೆಲ್‌ಗೆ ಇಳಿಸಿದೆ. ದಿನಾಂಕ, ಪಾಳಿ, ಮಿಷನ್, ನಿಂತ ಹೊತ್ತು, ಮತ್ತೆ ಶುರುವಾದ ಹೊತ್ತು, ಏನು ಕಂಡಿತು, ಏನು ಮಾಡಿದರು, ಯಾವ ಭಾಗ, ಎಷ್ಟು. ಇದರ ಜೊತೆ ಇನ್ನೆರಡು ಕಾಲಂ ಇಟ್ಟೆ. ಒಂದರಲ್ಲಿ ರಿಜಿಸ್ಟರ್‌ನ ಪುಟ ಸಂಖ್ಯೆ. ಇನ್ನೊಂದರಲ್ಲಿ ಬರೆದವರ ಮಾತು ಹೇಗಿದೆಯೋ ಹಾಗೆ, ತಪ್ಪು ಕಾಗುಣಿತವನ್ನೂ ತಿದ್ದದೆ. ಇವೆರಡು ಮುಂದೆ ನನ್ನನ್ನು ಕಾಪಾಡಿದವು. ನಾನು "ಬೆಲ್ಟ್ ಬದಲಾವಣೆ" ಅಂತ ನೀಟಾಗಿ ಬರೆದುಕೊಂಡ ಕಡೆಗಳಲ್ಲಿ ಮೂಲದಲ್ಲಿ "ಬೆಲ್ಟ್ 1 ಹಾಕಿದೆ", "ಒಂದು ಬೆಲ್ಟ್ ಕಟ್", "75 ಬೆಲ್ಟ್ 1", "ದೊಡ್ಡ ಬೆಲ್ಟ್ ಹೋಗಿತ್ತು" ಅಂತೆಲ್ಲ ಇತ್ತು. ಆ "ಒಂದು" ಅನ್ನುವ ಪದ ನನ್ನ ನೀಟಾದ ಪದದಲ್ಲಿ ಮಾಯವಾಗಿತ್ತು. ಕೊನೆಗೆ ಇಡೀ ಕಥೆ ನಿಂತದ್ದು ಆ ಪದದ ಮೇಲೆಯೇ.

ನಂತರ ಹೊತ್ತಿನ ಲೆಕ್ಕ. ರಾತ್ರಿ ಪಾಳಿಯಲ್ಲಿ "11.50 ರಿಂದ 12.30" ಅಂತ ಬರೆದಿರುತ್ತಾರೆ. ಬೆಳಗ್ಗೆಯೋ ರಾತ್ರಿಯೋ ಅಂತ ಇರುವುದಿಲ್ಲ. ಪಾಳಿ ನೋಡಿ ಎಲ್ಲವನ್ನೂ 24 ಗಂಟೆಯ ಲೆಕ್ಕಕ್ಕೆ ತಂದೆ. ನಡುರಾತ್ರಿ ದಾಟಿದ ನಮೂದುಗಳಲ್ಲಿ ಕಳೆದರೆ ಮೈನಸ್ ಬರುತ್ತಿತ್ತು. ಅದಕ್ಕೆ ಈ ಸೂತ್ರ ಹಾಕಿದೆ. ಡಿ ಕಾಲಂನಲ್ಲಿ ನಿಂತ ಹೊತ್ತು, ಇ ಕಾಲಂನಲ್ಲಿ ಶುರುವಾದ ಹೊತ್ತು:

```
=MOD(E2-D2,1)
```

ಎಲ್ಲ ಸರಿಹೋಯಿತು ಅನ್ನಿಸಿತು. ಮಿಷನ್ ಪ್ರಕಾರ ಕೂಡಿದೆ. ಜಾಸ್ತಿ ನಿಂತದ್ದು ಮೇಲೆ, ಕಡಿಮೆ ನಿಂತದ್ದು ಕೆಳಗೆ. ಪ್ರಿಂಟ್ ತೆಗೆದು ಸೂಪರ್‌ವೈಸರ್ ಕೈಗೆ ಕೊಟ್ಟೆ.

ಅವರು ಒಂದು ನಿಮಿಷ ನೋಡಿದರು. "ಸಾರ್ಟರ್ ಐದೇ ಗಂಟೆನಾ? ಮಂಗಳವಾರ ಬೆಳಗ್ಗೆ ನಿಂತಿದ್ದು ಬುಧವಾರ ಮಧ್ಯಾಹ್ನ ಶುರುವಾಯ್ತಲ್ಲಮ್ಮ" ಅಂದರು.

ಹೋಗಿ ನೋಡಿದೆ. ಅಕ್ಕಿಯ ಬಣ್ಣ ನೋಡಿ ಕೆಟ್ಟ ಕಾಳು ಹಾರಿಸುವ ಸಾರ್ಟರ್ ಬೆಳಗ್ಗೆ 10ಕ್ಕೆ ನಿಂತು ಮಾರನೇ ದಿನ ಮಧ್ಯಾಹ್ನ 3ಕ್ಕೆ ಶುರುವಾಗಿತ್ತು. ಅಂದರೆ 29 ಗಂಟೆ. ನನ್ನ ಸೂತ್ರ ಒಂದು ಪೂರ್ತಿ ದಿನವನ್ನು ಬಿಸಾಕಿ ಉಳಿದ 5 ಗಂಟೆಯನ್ನು ಮಾತ್ರ ತೋರಿಸಿತ್ತು. ಆ ಸೂತ್ರ 24 ಗಂಟೆಗಿಂತ ಕಡಿಮೆ ನಿಂತದ್ದಕ್ಕೆ ಮಾತ್ರ ಸರಿ. ಆಮೇಲೆ ಶುರುವಾದ ದಿನಾಂಕಕ್ಕೂ ಒಂದು ಕಾಲಂ ಸೇರಿಸಿದೆ. ನಿಂತ ದಿನಾಂಕ, ಹೊತ್ತು ಸಿ ಮತ್ತು ಡಿ ಕಾಲಂನಲ್ಲಿ, ಶುರುವಾದ ದಿನಾಂಕ, ಹೊತ್ತು ಇ ಮತ್ತು ಎಫ್ ಕಾಲಂನಲ್ಲಿ ಬರುವಂತೆ ಮಾಡಿ ಸೂತ್ರ ಬದಲಾಯಿಸಿದೆ:

```
=(E2+F2)-(C2+D2)
```

ಉತ್ತರದ ಕಾಲಂಗೆ `[h]:mm` ಅನ್ನುವ ಫಾರ್ಮ್ಯಾಟ್ ಕೊಡಬೇಕು. ಬರೀ `h:mm` ಇದ್ದರೆ 29 ಗಂಟೆ ಮತ್ತೆ 5 ಆಗಿಯೇ ಕಾಣುತ್ತದೆ.

ಶುರುವಾದ ಹೊತ್ತು ಬರೆಯದೇ ಬಿಟ್ಟ ನಮೂದುಗಳೂ 23 ಇದ್ದವು. ಅವುಗಳನ್ನು ಸೊನ್ನೆ ಅಂತ ಹಾಕಿದರೆ ಮಿಷನ್ ನಿಂತೇ ಇಲ್ಲ ಅಂದಹಾಗೆ ಆಗುತ್ತದೆ. ಅಂದಾಜು ತುಂಬಿಸಿದರೆ ನಾನೇ ಕಥೆ ಕಟ್ಟಿದ ಹಾಗಾಗುತ್ತದೆ. ಖಾಲಿಯೇ ಬಿಟ್ಟು, ಹಾಳೆಯ ಕೆಳಗೆ "23 ನಮೂದುಗಳಿಗೆ ಹೊತ್ತು ಇಲ್ಲ" ಅಂತ ಬರೆದೆ.

ತಿದ್ದಿದ ಹಾಳೆ ತೆಗೆದುಕೊಂಡು ಹೋದೆ. ಈಗ ಸಾರ್ಟರ್ ಎಲ್ಲಕ್ಕಿಂತ ಮೇಲಿತ್ತು. ಅವರು ತಲೆಯಾಡಿಸಿದರು. ಆದರೆ ಒಪ್ಪಿದ್ದಲ್ಲ.

"ಸಾರ್ಟರ್ ನಿಂತಾಗ ನಾನೇ ಪಕ್ಕದಲ್ಲಿ ನಿಂತಿದ್ದೆ. ಬೋರ್ಡ್ ಹೋಗಿತ್ತು. ಬೋರ್ಡ್ ಬರೋವರ್ಗೂ ಕಾದ್ವಿ. ಬಂದ ಮೇಲೆ ಎರಡು ಗಂಟೆ ಕೆಲಸ. ಅದು ನಂಗೊತ್ತು ಕಣಮ್ಮ. ನಂಗೆ ಗೊತ್ತಿಲ್ಲದ್ದು ಏನೈತೆ ಹೇಳು. ಅವತ್ತು ಮಿಲ್ ನಿಂತಿತ್ತಾ? ಇಲ್ಲ. ಅಕ್ಕಿ ಚೀಲಕ್ಕೆ ತುಂಬಿಟ್ಕೊಂಡು ಆಮೇಲೆ ಹಾಯಿಸಿದ್ವಿ."

ಈ ಮಾತಿನಿಂದ ನನ್ನ ಹಾಳೆ ಬದಲಾಯಿತು. ಮಿಷನ್ ನಿಂತ ಹೊತ್ತು ಬೇರೆ, ಲೈನ್ ನಿಂತ ಹೊತ್ತು ಬೇರೆ. ಸಾರ್ಟರ್ ನಮ್ಮಲ್ಲಿ ಕೊನೆಯ ಮಿಷನ್. ಅದು 29 ಗಂಟೆ ನಿಂತರೂ ಹಿಂದಿನದೆಲ್ಲ ಓಡುತ್ತಿತ್ತು. ಅದೇ ಸಿಪ್ಪೆ ಬಿಡಿಸುವ ಶೆಲ್ಲರ್ ಪಕ್ಕದ, ಹೊಟ್ಟನ್ನು ಪೈಪಿನಲ್ಲಿ ಊದಿ ಸಾಗಿಸುವ ಹೊಟ್ಟಿನ ಬ್ಲೋವರ್ ನಿಂತರೆ ಹೊಟ್ಟು ಹೋಗಲು ಜಾಗವೇ ಇಲ್ಲ. ಭತ್ತದ ಗೇಟ್ ಮುಚ್ಚಿ ಪೂರ್ತಿ ಲೈನ್ ನಿಲ್ಲಿಸಬೇಕು. ಹಾಗಾಗಿ ಪ್ರತಿ ನಮೂದಿಗೂ "ಲೈನ್ ನಿಂತಿತೇ" ಅಂತ ಒಂದು ಕಾಲಂ ಹಾಕಿದೆ. ಕರೆಂಟ್ ಹೋದದ್ದನ್ನು ಬೇರೆ ತೆಗೆದಿಟ್ಟೆ, ಅದು ಫಿಟ್ಟರ್ ಕೈಯಲ್ಲಿಲ್ಲವಲ್ಲ. ಎರಡು ರಿಜಿಸ್ಟರ್‌ನಲ್ಲೂ ಬಂದ ಒಂದೇ ಘಟನೆಗಳನ್ನು ಹೊತ್ತು ನೋಡಿ ಜೋಡಿಸಿದೆ. ಹತ್ತೊಂಬತ್ತು ಜೋಡಿ ಸಿಕ್ಕವು. 214 ಇದ್ದದ್ದು 195ಕ್ಕೆ ಇಳಿಯಿತು.

ಶೆಲ್ಲರ್‌ನ ರಬ್ಬರ್ ರೋಲ್ ಬದಲಾವಣೆ ಪಟ್ಟಿಯಲ್ಲಿ ಎಲ್ಲಕ್ಕಿಂತ ಹೆಚ್ಚು ಸಲ ಬಂದಿತ್ತು. ಮೊದಲು ಅದನ್ನೇ ದೊಡ್ಡ "ಮರುಕಳಿಸುವ ತೊಂದರೆ" ಅಂತ ಬರೆದಿದ್ದೆ. ಹಿರಿಯ ಫಿಟ್ಟರ್ ನೋಡಿ ಬೇಡ ಅಂದರು. ಎರಡು ರೋಲ್ ಬೇರೆ ಬೇರೆ ವೇಗದಲ್ಲಿ ತಿರುಗಿ, ನಡುವೆ ಸಿಕ್ಕ ಭತ್ತವನ್ನು ಉಜ್ಜಿ ಸಿಪ್ಪೆ ಬಿಡಿಸುತ್ತವೆ. ಸವೆಯುವುದೇ ಅವುಗಳ ಕೆಲಸ. ಜೋರಾಗಿ ತಿರುಗುವುದು ಬೇಗ ಸವೆಯುತ್ತದೆ ಅಂತ ಇವರು ನಡುವೆ ಅದಲು ಬದಲು ಮಾಡುತ್ತಾರೆ, ಆಮೇಲೆ ಹೊಸದು ಹಾಕುತ್ತಾರೆ. ಇದು ಕೆಡುವುದಲ್ಲ, ಖರ್ಚಾಗುವುದು. ಒಂದು ಜೋಡಿ ರೋಲ್ ಮೊದಲಿಗಿಂತ ಕಡಿಮೆ ಚೀಲಕ್ಕೇ ಮುಗಿಯತೊಡಗಿದರೆ ಮಾತ್ರ ಯೋಚಿಸಬೇಕು. ನಾನು ಚೀಲದ ಲೆಕ್ಕ ಹಾಕಿ ನೋಡಿದೆ, ಹಾಗೇನೂ ಇರಲಿಲ್ಲ. ರೋಲ್ ಅನ್ನು ಸ್ಪೇರ್ ಪಟ್ಟಿಗೆ ಮಾತ್ರ ಕಳಿಸಿದೆ.

ಹಾಗಾದರೆ ಮರುಕಳಿಸುವುದು ಅಂದರೆ ಯಾವುದು? ಸೂಪರ್‌ವೈಸರ್ ಜೊತೆ ಕೂತು ಒಂದು ನಿಯಮ ಮಾಡಿಕೊಂಡೆವು. ಅದೇ ಮಿಷನ್‌ನ ಅದೇ ಜಾಗ, ರಿಪೇರಿಯಾದ 30 ದಿನದೊಳಗೆ ಮತ್ತೆ ಕೈ ಹಾಕಬೇಕಾಗಿ ಬಂದರೆ ಅದು ಮರುಕಳಿಸಿದ್ದು. ಭಾಗದ ಹೆಸರು ಒಂದೇ ಇರಬೇಕಿಲ್ಲ, ಜಾಗ ಒಂದೇ ಇದ್ದರೆ ಸಾಕು. ಈ ಕೊನೆಯ ಮಾತು ಅವರೇ ಹೇಳಿದ್ದು. ಬೆಲೆಬಾಳುವ ಮಾತು ಅಂತ ಆಗ ನನಗೆ ಗೊತ್ತಾಗಲಿಲ್ಲ.

ನಿಯಮ ಹಾಕಿ ಮತ್ತೆ ಜೋಡಿಸಿದೆ. ಹೊಟ್ಟಿನ ಬ್ಲೋವರ್ ಮೇಲೆ ಬಂತು.

ಅದುವರೆಗೆ ಬ್ಲೋವರ್ ನನ್ನ ಪಟ್ಟಿಯಲ್ಲಿ ಎಲ್ಲೂ ದೊಡ್ಡದಾಗಿ ಕಂಡಿರಲಿಲ್ಲ. ಬೆಲ್ಟ್ ಕೆಲಸ ಒಂದು ಸಾಲಿನಲ್ಲಿತ್ತು, ಬೇರಿಂಗ್ ಇನ್ನೊಂದು ಸಾಲಿನಲ್ಲಿ. "ಹೊಟ್ಟಿನ ಪೈಪ್ ಚೋಕ್" ಅನ್ನುವುದು ಆಪರೇಟರ್ ರಿಜಿಸ್ಟರ್‌ನಲ್ಲಿ, ಹತ್ತು ಹದಿನೈದು ನಿಮಿಷದ ಸಣ್ಣ ಸಣ್ಣ ನಮೂದುಗಳಾಗಿ, ಶೆಲ್ಲರ್ ಹೆಸರಿನ ಕೆಳಗೆ. ಒಂದು ಕಡೆ ತಂದಾಗ ಹೀಗಿತ್ತು. ಮೂರು ತಿಂಗಳಲ್ಲಿ ಏಳು ಸಲ ಬೆಲ್ಟ್ ಹಾಕಿದ್ದಾರೆ, ಎರಡು ಸಲ ಬಿಗಿ ಮಾಡಿದ್ದಾರೆ, ಎರಡು ಸಲ ಪುಲ್ಲಿ ಕಡೆಯ ಬೇರಿಂಗ್ ಬದಲಾಯಿಸಿದ್ದಾರೆ. ಎಲ್ಲ ಸೇರಿ 11 ಗಂಟೆ 10 ನಿಮಿಷ. ಪೈಪ್ ಚೋಕ್ 12 ಸಲ, ಎರಡೂವರೆ ಗಂಟೆ. ಒಟ್ಟು 13 ಗಂಟೆ 40 ನಿಮಿಷ ಲೈನ್ ನಿಂತಿದೆ. ಆ ಮೂರು ತಿಂಗಳಲ್ಲಿ ಬೇರೆ ಯಾವ ಮಿಷನ್ನೂ ಲೈನನ್ನು ಇಷ್ಟು ಹೊತ್ತು ನಿಲ್ಲಿಸಿರಲಿಲ್ಲ.

ದಿನಾಂಕಗಳನ್ನು ಒಂದರ ಕೆಳಗೊಂದು ಬರೆದುಕೊಂಡೆ. ಬೆಲ್ಟ್ ಹಾಕಿದ್ದು ಜನವರಿ 6, ಜನವರಿ 19, ಫೆಬ್ರವರಿ 8, ಫೆಬ್ರವರಿ 21, ಮಾರ್ಚ್ 9, ಮಾರ್ಚ್ 17, ಮಾರ್ಚ್ 27. ನಡುವಿನ ಅಂತರ 13 ದಿನ, 20, 13, 16, 8, 10. ಬೇರಿಂಗ್ ಬದಲಾಯಿಸಿದ್ದು ಫೆಬ್ರವರಿ 9 ಮತ್ತು ಮಾರ್ಚ್ 20. ಬೆಲ್ಟ್ ಬಿಗಿ ಮಾಡಿದ್ದು ಜನವರಿ 31 ಮತ್ತು ಮಾರ್ಚ್ 2. ಎರಡು ಸಲವೂ ಬಿಗಿ ಮಾಡಿದ ಕೆಲವು ವಾರದೊಳಗೆ ಬೇರಿಂಗ್ ಹೋಗಿತ್ತು. ಚೋಕ್ ಆದ ಹನ್ನೆರಡರಲ್ಲಿ ಒಂಬತ್ತು, ಬೆಲ್ಟ್‌ಗೆ ಕೈ ಹಾಕುವ ಹಿಂದಿನ ಎರಡು ದಿನದೊಳಗೆ ಬಿದ್ದಿದ್ದವು.

ಈ ಕೊನೆಯದು ಯಾಕೆ ಅನ್ನುವುದು ಸುಲಭ. ಬೆಲ್ಟ್ ಜಾರಿದರೆ ಫ್ಯಾನ್ ನಿಧಾನವಾಗುತ್ತದೆ. ಗಾಳಿಯ ವೇಗ ಇಳಿದರೆ ಹೊಟ್ಟು ಪೈಪಿನಲ್ಲಿ ಹಾರುವ ಬದಲು ತಳಕ್ಕೆ ಕೂರುತ್ತದೆ. ಬೆಂಡ್‌ನಲ್ಲಿ ಗುಡ್ಡೆಯಾಗಿ ಕಟ್ಟಿಕೊಳ್ಳುತ್ತದೆ. ಆಪರೇಟರ್ ಪೈಪ್ ತಟ್ಟಿ, ಮುಚ್ಚಳ ತೆಗೆದು ಕ್ಲೀನ್ ಮಾಡಿ, "ಚೋಕ್ ಕ್ಲಿಯರ್" ಅಂತ ಬರೆಯುತ್ತಾರೆ. ಬೆಲ್ಟ್ ಕಡೆ ನೋಡುವುದು ಅವರ ಕೆಲಸವಲ್ಲ. ಅವರು ಬರೆದದ್ದು ನಿಜವೇ. ಆದರೆ ಅದು ಲಕ್ಷಣ, ಕಾರಣವಲ್ಲ.

ಈಗ ಸ್ಪೇರ್ ಲೆಕ್ಕ ಬಾಕಿ. ರಿಜಿಸ್ಟರ್ ಪ್ರಕಾರ ಬ್ಲೋವರ್‌ಗೆ ಏಳು ಸಲದಲ್ಲಿ 9 ಬೆಲ್ಟ್ ಹೋಗಿದ್ದವು. ಸ್ಟೋರ್‌ನಲ್ಲಿ ಸಾಮಾನು ಕೊಟ್ಟ ಚೀಟಿ ಪುಸ್ತಕ ಕೇಳಿ ತಂದೆ. ಅದರಲ್ಲಿ 13 ಇತ್ತು. ನಾಲ್ಕು ಜಾಸ್ತಿ.

ಚೀಟಿ ಪುಸ್ತಕ ನೋಡುವಾಗ ಫಿಟ್ಟರ್‌ಗಳ ಮುಖ ಸ್ವಲ್ಪ ಬಿಗಿಯಾಯಿತು. ತಪ್ಪು ಹುಡುಕಲು ಬಂದಿದ್ದಾಳೆ ಅಂತ ಅವರಿಗೆ ಅನ್ನಿಸಿದ್ದು ಸಹಜ. ನನ್ನ ಶೀಟ್ ತೆರೆದು ತೋರಿಸಿದೆ. ಅದರಲ್ಲಿ ಯಾರು ಮಾಡಿದರು ಅನ್ನುವ ಕಾಲಂ ಇಲ್ಲ. ಬೇಕಂತಲೇ ಇಟ್ಟಿರಲಿಲ್ಲ. ಹೆಸರಿನ ಕಾಲಂ ಇಟ್ಟರೆ ಮುಂದಿನ ತಿಂಗಳಿಂದ ಯಾರೂ ನಿಜ ಬರೆಯುವುದಿಲ್ಲ ಅಂತ ನನ್ನ ನಂಬಿಕೆ.

ಆಮೇಲೆ ಹಿರಿಯ ಫಿಟ್ಟರ್ ಪಕ್ಕದಲ್ಲಿ ಕೂತು ಒಂದೊಂದಾಗಿ ಹೇಳಿದರು. ಎರಡು ಬೆಲ್ಟ್ ಪಾಲಿಷರ್‌ನ ತೌಡಿನ ಬ್ಲೋವರ್‌ಗೆ ಹೋಗಿದ್ದವು. ಅದಕ್ಕೂ ಇದೇ ಬಿ-75 ಬೆಲ್ಟ್. ರಿಜಿಸ್ಟರ್‌ನಲ್ಲಿ ಆ ಎರಡರ ಅಳತೆ ಬರೆದಿರಲಿಲ್ಲ. ಒಂದು ಅವರ ಟೂಲ್ ಬಾಕ್ಸ್‌ನಲ್ಲಿತ್ತು. "ರಾತ್ರಿ ಪಾಳೀಲಿ ಸ್ಟೋರ್ ಬೀಗ ಹಾಕಿರ್ತದೆ ಕಣವ್ವ. ಕೈಯಲ್ಲಿ ಒಂದಿರ್ಲಿ ಅಂತ ಇಟ್ಕೊಂಡಿದ್ದೀನಿ" ಅಂದರು. ಉಳಿದ ಒಂದಕ್ಕೆ ಲೆಕ್ಕ ಸಿಗಲಿಲ್ಲ. ಹಾಳೆಯಲ್ಲಿ ಹಾಗೇ ಬರೆದೆ: ಲೆಕ್ಕ ಸಿಗದ್ದು 1.

ಚೀಟಿಗಳಲ್ಲಿ ಇನ್ನೊಂದು ಕಂಡಿತು. ಫೆಬ್ರವರಿ 21ರ ಚೀಟಿಯಲ್ಲಿ ಒಂದು ಬಿ-75, ಒಂದು ಬಿ-76. ಆ ದಿನ ಸ್ಟೋರ್‌ನಲ್ಲಿ ಬಿ-75 ಒಂದೇ ಇತ್ತು. ಬಿ ಅನ್ನುವುದು ಬೆಲ್ಟ್‌ನ ದಪ್ಪದ ಗುರುತು, 75 ಅಂದರೆ ಒಳ ಅಳತೆ 75 ಇಂಚು. ಒಂದು ಇಂಚು ಉದ್ದದ ಬೆಲ್ಟನ್ನು ಪಕ್ಕದಲ್ಲಿ ಕೂರಿಸಿದರೆ ಅದು ಸಡಿಲವಾಗಿ ಸುಮ್ನೆ ತಿರುಗುತ್ತಿರುತ್ತದೆ. ಭಾರವೆಲ್ಲ ಉಳಿದವುಗಳ ಮೇಲೆ.

ಆಗ ಕೇಳಿದೆ. "ಅಣ್ಣ, ಆ ಪುಲ್ಲಿಗೆ ಮೂರು ಬೆಲ್ಟ್ ಅಲ್ವಾ? ಮೂರನ್ನೂ ಒಟ್ಟಿಗೆ ಯಾಕೆ ಬದಲಾಯಿಸಲ್ಲ?"

ಅವರು ನನ್ನನ್ನೇ ನೋಡಿದರು. "ಕೊಡಬೇಕಲ್ಲವ್ವ. ಹಳೇದು ಒಂದು ತಂದುಕೊಟ್ರೆ ಹೊಸದು ಒಂದು. ಅದು ಸ್ಟೋರ್ ರೂಲು. ತುಂಡಾಗಿರೋದು ಒಂದು. ಇನ್ನೆರಡು ಚೆನ್ನಾಗೇ ಅವೆ ಅಂತಾರೆ."

ರಿಜಿಸ್ಟರ್‌ನ ಯಾವ ಪುಟದಲ್ಲೂ ಈ ಕಾರಣ ಇರಲಿಲ್ಲ. ಇರಲು ಸಾಧ್ಯವೂ ಇಲ್ಲ. ಯಾವ ಫಿಟ್ಟರ್ "ಸ್ಟೋರ್ ರೂಲ್‌ನಿಂದ ಬೆಲ್ಟ್ ಹೋಯಿತು" ಅಂತ ಬರೆಯುತ್ತಾನೆ? ಆದರೆ ಚೀಟಿಗಳ ಸಾಲಿನಲ್ಲಿ ಅದು ಕಣ್ಣಿಗೆ ರಾಚುತ್ತಿತ್ತು. ಒಂದು, ಎರಡು, ಒಂದು, ಎರಡು, ಒಂದು, ಒಂದು, ಒಂದು. ಮೂರು ಅನ್ನುವುದು ಒಂದು ಸಲವೂ ಇಲ್ಲ.

ಓಡಿದ ಬೆಲ್ಟ್ ಸ್ವಲ್ಪ ಹಿಗ್ಗಿರುತ್ತದೆ, ಸವೆದಿರುತ್ತದೆ. ಅದರ ಪಕ್ಕ ಹೊಸದು ಹಾಕಿದರೆ ಹೊಸದು ಗಿಡ್ಡ, ಹಳೆಯವು ಉದ್ದ. ಮೂರು ಜನ ಹೊರುವ ಭಾರ ಒಬ್ಬನ ಹೆಗಲಿಗೆ ಬೀಳುತ್ತದೆ. ಹೊಸ ಬೆಲ್ಟೇ ಮೊದಲು ಹೋಗುತ್ತದೆ. ಹಳೆಯವು ಜಾರುತ್ತಿವೆ ಅಂತ ಮೋಟಾರ್ ಹಿಂದಕ್ಕೆ ಎಳೆದು ಬಿಗಿ ಮಾಡಿದರೆ ಆ ಎಳೆತ ನೇರ ಬೇರಿಂಗ್ ಮೇಲೆ. ಬೇರಿಂಗ್ ಒಂದು ದಿನದಲ್ಲಿ ಹಾಳಾಗುವುದಿಲ್ಲ. ವಾರಗಟ್ಟಲೆ ಎಳೆಸಿಕೊಂಡು ಒಂದು ದಿನ ಸದ್ದು ಮಾಡುತ್ತದೆ. ಆ ದಿನ ನಮ್ಮ ರಿಜಿಸ್ಟರ್‌ಗೆ ಬರುತ್ತದೆ. ಸ್ಪೇರ್ ಪಟ್ಟಿಯಲ್ಲಿ ಎರಡು ಬೇರೆ ಬೇರೆ ಸಾಲುಗಳಾಗಿದ್ದ ಬೆಲ್ಟ್ ಮತ್ತು ಬೇರಿಂಗ್ ಒಂದೇ ತೊಂದರೆಯ ಎರಡು ಬಿಲ್ಲುಗಳಾಗಿದ್ದವು.

ಇಷ್ಟಾದರೂ ಇದು ಕಾಗದದ ಮೇಲಿನ ಊಹೆ. ರಿಜಿಸ್ಟರ್ ಎಲ್ಲಿ ನೋಡಬೇಕು ಅಂತ ಹೇಳುತ್ತದೆ. ಅಲ್ಲಿ ಏನಿದೆ ಅಂತ ಕಣ್ಣೇ ನೋಡಬೇಕು. ಅಮಾವಾಸ್ಯೆ ದಿನ ನಮ್ಮಲ್ಲಿ ಪೂಜೆ ಮಾಡಿ ಮಿಲ್ ನಿಲ್ಲಿಸುತ್ತಾರೆ. ಅವತ್ತು ಪೂಜೆ ಮುಗಿದ ಮೇಲೆ ಮೇನ್ ಸ್ವಿಚ್ ಆಫ್ ಮಾಡಿ, ಬೀಗ ಹಾಕಿ, ಸೂಪರ್‌ವೈಸರ್, ಹಿರಿಯ ಫಿಟ್ಟರ್, ನಾನು ಬ್ಲೋವರ್‌ನ ಬೆಲ್ಟ್ ಗಾರ್ಡ್ ಬಿಚ್ಚಿದೆವು.

ಮೂರು ಬೆಲ್ಟ್, ಮೂರು ವಯಸ್ಸು. ಒಂದನ್ನು ಬೆರಳಲ್ಲಿ ಒತ್ತಿದರೆ ಬಿಗಿ, ಪಕ್ಕದ್ದು ತೊಯ್ದ ಹಗ್ಗದ ಹಾಗೆ ಜೋತಿತ್ತು. ಹಳೆಯದರ ಬದಿಗಳು ಗಾಜಿನಂತೆ ಹೊಳೆಯುತ್ತಿದ್ದವು, ಉಗುರು ಊರಿದರೆ ಕಲ್ಲಿನ ಹಾಗೆ. ಜಾರಿ ಜಾರಿ ಬಿಸಿಯಾದ ಬೆಲ್ಟ್‌ನ ಗುರುತು ಅದು. ಸೂಪರ್‌ವೈಸರ್ ಬೆಲ್ಟ್ ತೆಗೆದು ಮೋಟಾರ್ ಪುಲ್ಲಿಯ ಗ್ರೂವ್‌ಗೆ ಟಾರ್ಚ್ ಹಿಡಿದರು. ಎರಡು ಗ್ರೂವ್‌ಗಳ ತಳ ಕನ್ನಡಿಯಂತೆ ಮಿನುಗುತ್ತಿತ್ತು.

"ಇಲ್ಲಿ ನೋಡಮ್ಮ. ವಿ ಬೆಲ್ಟ್ ಹಿಡಿಯೋದು ಬದೀಲಿ. ತಳ ಮುಟ್ಟಲೇಬಾರದು. ತಳ ಹೊಳೀತಾ ಐತೆ ಅಂದ್ರೆ ಬದಿ ಸವೆದು ಬೆಲ್ಟ್ ಕೆಳಕ್ಕೆ ಇಳಿದೈತೆ."

ಟೂಲ್ ಬಾಕ್ಸ್‌ನಲ್ಲಿದ್ದ ಆ ಹೊಸ ಬೆಲ್ಟನ್ನೇ ತಂದು ಗ್ರೂವ್‌ನಲ್ಲಿ ಕೂರಿಸಿದರು. ಸರಿಯಾದ ಪುಲ್ಲಿಯಲ್ಲಿ ಹೊಸ ಬೆಲ್ಟ್‌ನ ಮೇಲ್ಭಾಗ ಪುಲ್ಲಿಯ ಅಂಚಿಗೆ ಸಮನಾಗಿ ಅಥವಾ ಕೂದಲೆಳೆ ಮೇಲೆ ಇರಬೇಕು. ಇಲ್ಲಿ ಒಳಗೆ ಮುಳುಗಿತು. ಆಮೇಲೆ ಎರಡು ಪುಲ್ಲಿಗಳ ಮುಖಕ್ಕೆ ಅಡ್ಡಲಾಗಿ ದಾರ ಎಳೆದು ನೋಡಿದರು. ಫ್ಯಾನ್ ಪುಲ್ಲಿಗೆ ಎರಡು ಕಡೆ ತಾಗಿದ ದಾರ ಮೋಟಾರ್ ಪುಲ್ಲಿಗೆ ಒಂದೇ ಅಂಚಿಗೆ ತಾಗಿತು. ಪ್ರತಿ ಸಲ ಮೋಟಾರ್ ಎಳೆದು ಬಿಗಿ ಮಾಡುವಾಗ ಅದು ಸ್ವಲ್ಪ ಸ್ವಲ್ಪವೇ ಓರೆಯಾಗಿತ್ತು.

ಅಂದರೆ ಒಂಟಿ ಬೆಲ್ಟ್ ಒಂದೇ ಕಾರಣವಲ್ಲ. ಸವೆದ ಪುಲ್ಲಿಯೂ ಸೇರಿತ್ತು. ನಾನು ಹಾಳೆಯಲ್ಲಿ "ಕಾರಣ: ಬೆಲ್ಟ್ ಒಂದೊಂದೇ ಹಾಕಿದ್ದು" ಅಂತ ಬರೆದು ಇಟ್ಟಿದ್ದೆ. ಅದನ್ನು ಹೊಡೆದು, ಕಂಡದ್ದು ಮತ್ತು ಊಹಿಸಿದ್ದು ಅಂತ ಎರಡು ಸಾಲು ಮಾಡಿದೆ. ಪುಲ್ಲಿ ಸವೆತ, ಓರೆ, ಮೂರು ವಯಸ್ಸಿನ ಬೆಲ್ಟ್ ಇವು ಕಂಡದ್ದು. ಬೇರಿಂಗ್ ಹೋದದ್ದು ಅತಿಯಾದ ಬಿಗಿಯಿಂದ ಅನ್ನುವುದು ಊಹೆ. ಹಳೆಯ ಬೇರಿಂಗ್ ಆಗಲೇ ಗುಜರಿಗೆ ಹೋಗಿತ್ತು, ನೋಡಿ ಖಚಿತ ಮಾಡುವ ಹಾಗಿರಲಿಲ್ಲ.

ಕೊನೆಗೆ ಹಾಳೆ ಹೀಗೆ ನಿಂತಿತು. ಮೇಲೆ ಲೈನ್ ನಿಂತ ಹೊತ್ತು, ಐದೇ ಸಾಲು, ಪ್ರತಿ ಸಾಲಿನಲ್ಲಿ ಕಾದ ಹೊತ್ತು ಬೇರೆ, ಕೆಲಸ ಮಾಡಿದ ಹೊತ್ತು ಬೇರೆ. ನಡುವೆ ಮರುಕಳಿಸಿದ ಮೂರು ತೊಂದರೆ, ದಿನಾಂಕ ಮತ್ತು ರಿಜಿಸ್ಟರ್ ಪುಟ ಸಂಖ್ಯೆಯ ಜೊತೆ. ಕೆಳಗೆ ಸ್ಪೇರ್: ಸ್ಟೋರ್ ಕೊಟ್ಟದ್ದು, ರಿಜಿಸ್ಟರ್‌ನಲ್ಲಿ ಕಂಡದ್ದು, ವ್ಯತ್ಯಾಸ. ತೀರ ಕೆಳಗೆ ಹೊತ್ತು ಸಿಗದ 23 ನಮೂದು ಮತ್ತು ಲೆಕ್ಕ ಸಿಗದ ಒಂದು ಬೆಲ್ಟ್. ಬಣ್ಣದ ಚಾರ್ಟ್ ಮಾಡಿದ್ದೆ, ತೆಗೆದುಬಿಟ್ಟೆ. ಜಾಗ ತಿನ್ನುತ್ತಿತ್ತು, ಸೂಪರ್‌ವೈಸರ್ ಅದರ ಕಡೆ ನೋಡಲೂ ಇಲ್ಲ. ಅವರ ಬೆರಳು ಹೋದದ್ದು ಪುಟ ಸಂಖ್ಯೆಗೆ. ಅನುಮಾನ ಬಂದ ಸಾಲಿಗೆ ರಿಜಿಸ್ಟರ್ ತೆಗೆದು ತಾವೇ ಓದಿದರು.

ಆ ಹಾಳೆ ಹಿಡಿದು ಅವರು ಮಾಲೀಕರ ಹತ್ತಿರ ಹೋದರು. ಒಳಗೆ ಏನು ಮಾತಾಯಿತೋ ನಾನು ಕೇಳಿಲ್ಲ. ಹೊರಗೆ ಬಂದು ಹೇಳಿದ್ದು ಇಷ್ಟು: ಹೊಸ ಮೋಟಾರ್ ಪುಲ್ಲಿ ತರಿಸುವುದು, ಬೆಲ್ಟನ್ನು ಇನ್ನು ಮೇಲೆ ಮೂರರ ಸೆಟ್ ಆಗಿಯೇ ಕೊಡುವುದು, ತೆಗೆದ ಮೂರನ್ನೂ ಸ್ಟೋರ್‌ಗೆ ವಾಪಸ್ ಕೊಡುವುದು. ರಾತ್ರಿ ಪಾಳಿಗೆ ಅಂತ ಒಂದು ಸೆಟ್ ಹೊರಗಿನ ಕಪಾಟಿನಲ್ಲಿ ಇಡುವುದು. ಹಿರಿಯ ಫಿಟ್ಟರ್ ಅವತ್ತೇ ಟೂಲ್ ಬಾಕ್ಸ್‌ನ ಬೆಲ್ಟ್ ತಂದು ಸ್ಟೋರ್‌ಗೆ ಕೊಟ್ಟರು.

ಪುಲ್ಲಿ ಮೈಸೂರಿನಿಂದ ಬಂತು. ಒಂದೇ ಲಾಟ್‌ನ ಮೂರು ಬೆಲ್ಟ್ ಹಾಕಿದರು. ದಾರ ಎಳೆದು ನೇರ ನೋಡಿದರು. ಹೊಸ ಬೆಲ್ಟ್ ಮೊದಲ ಒಂದೆರಡು ದಿನದಲ್ಲಿ ಸ್ವಲ್ಪ ಹಿಗ್ಗುತ್ತದೆ, ಅದಕ್ಕೆ ಮಾರನೇ ದಿನ ನಿಲ್ಲಿಸಿ ಮತ್ತೊಮ್ಮೆ ಬಿಗಿ ನೋಡಿದರು. ಆ ನಮೂದಿಗೆ ನಾನು "ಯೋಜಿತ" ಅಂತ ಗುರುತು ಹಾಕಿದೆ. ಇಲ್ಲದಿದ್ದರೆ ಮುಂದಿನ ಹಾಳೆಯಲ್ಲಿ ಅದೇ ಮರುಕಳಿಸಿದ ತೊಂದರೆ ಆಗಿ ಕಾಣುತ್ತಿತ್ತು.

ಏಪ್ರಿಲ್, ಮೇ ಎರಡು ತಿಂಗಳ ಹಾಳೆಯನ್ನು ಜೂನ್‌ನಲ್ಲಿ ಮಾಡಿದೆ. ಪುಲ್ಲಿ ಬದಲಾಯಿಸಿದಾಗ ಹಾಕಿದ ಸೆಟ್ ಬಿಟ್ಟರೆ ಬ್ಲೋವರ್‌ಗೆ ಬೆಲ್ಟ್ ಸೊನ್ನೆ, ಬೇರಿಂಗ್ ಸೊನ್ನೆ, ಚೋಕ್ ಒಂದು. ಅದು ಮೇ ಮಳೆಗೆ ಹೊಟ್ಟು ನೆಂದು ಪೈಪ್ ಬಾಯಲ್ಲಿ ಕಟ್ಟಿಕೊಂಡದ್ದು. ನೋಡಿದ ಕೂಡಲೇ ಖುಷಿಯಾಯಿತು. ಆದರೆ ಆ ಎರಡು ತಿಂಗಳಲ್ಲಿ ಮಿಲ್ ಓಡಿದ್ದೇ 700 ಗಂಟೆ. ತಿಂಗಳ ಲೆಕ್ಕದಲ್ಲಿ ಹೋಲಿಸಿದರೆ ಮೋಸ. ಓಡಿದ ಗಂಟೆಯ ಲೆಕ್ಕದಲ್ಲಿ ನೋಡಿದೆ. ಹಿಂದಿನ ಹಾಗೇ ಇದ್ದಿದ್ದರೆ 700 ಗಂಟೆಗೆ ಮೂರು ಸಲವಾದರೂ ಬೆಲ್ಟ್ ಹೋಗಬೇಕಿತ್ತು. ಹೋಗಿಲ್ಲ. ಇಷ್ಟನ್ನು ಬರೆದೆ, ಮುಂದಿನ ಸುಗ್ಗಿಯ ಲೆಕ್ಕ ಬರುವವರೆಗೆ ಬ್ಲೋವರ್ ಸಾಲನ್ನು ಹಾಳೆಯಿಂದ ತೆಗೆಯುವುದಿಲ್ಲ ಅಂತಲೂ ಬರೆದೆ.

ರಿಜಿಸ್ಟರ್‌ನಲ್ಲೂ ಎರಡು ಸಣ್ಣ ಬದಲಾವಣೆ ಆದವು. ಮಿಷನ್‌ಗಳ ಮೇಲೆ ಬಣ್ಣದಲ್ಲಿ ನಂಬರ್ ಬರೆಸಿದರು, ಈಗ ಎಲ್ಲರೂ ಅದೇ ನಂಬರ್ ಬರೆಯುತ್ತಾರೆ. ತೆಗೆದ ಬೆಲ್ಟ್, ಬೇರಿಂಗ್‌ಗೆ ದಿನಾಂಕದ ಚೀಟಿ ಕಟ್ಟಿ ತಿಂಗಳು ಮುಗಿಯುವವರೆಗೆ ಗೋಡೆಯ ಮೊಳೆಗೆ ನೇತುಹಾಕುತ್ತಾರೆ. ಹೊತ್ತು ಬರೆಯದೆ ಬಿಟ್ಟ ನಮೂದುಗಳು ಈ ಸಲ ನಾಲ್ಕೇ ಇದ್ದವು.

ಜೂನ್ ಹಾಳೆಯ ನಡುವಿನ ಭಾಗದಲ್ಲಿ ಮೊದಲ ಸಾಲಿಗೆ ಮೂರನೇ ಎಲಿವೇಟರ್ ಬಂದಿತ್ತು. ಚೋಕ್ ನಾಲ್ಕು ಸಲ, ಟ್ರಿಪ್ ಮೂರು ಸಲ, ಬೂಟ್ ಬೇರಿಂಗ್ ಒಂದು. ಸೂಪರ್‌ವೈಸರ್ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಓದಿದರು.

"ಬೇರಿಂಗ್ ತೆಗೆದಿದ್ದು ಮೊಳೇಲಿ ಐತಾ?"

"ಐತೆ ಅಣ್ಣ. ಮೇ 22 ಅಂತ ಚೀಟಿ ಇದೆ."

"ತಗೊಂಬಾ, ನೋಡನ" ಅಂದರು.